ಅಪ್ಪ-ಅಮ್ಮನ ಮದುವೆಯ ದಿನ ಮನೆಯ ಗುಂಪಿಗೆ ನಾಲ್ಕು ಸಾಲು

ಪ್ರಶ್ನೆ: ಬರುವ ವಾರ ನಮ್ಮ ಅಪ್ಪ-ಅಮ್ಮನ ಮದುವೆಯ ವಾರ್ಷಿಕೋತ್ಸವ. ಅವರ ಮದುವೆ ಆದದ್ದು 1996ರ ಮೇ ತಿಂಗಳಿನಲ್ಲಿ. ನಾನು, ಅಣ್ಣ, ಅತ್ತಿಗೆ ಸೇರಿ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಂದೇಶ ಹಾಕಬೇಕು ಎಂದಿದ್ದೇವೆ. ಗುಂಪಿನಲ್ಲಿ ದೊಡ್ಡಪ್ಪ, ಚಿಕ್ಕಮ್ಮ, ಅತ್ತಿಗೆಯ ತಂದೆ-ತಾಯಿ ಎಲ್ಲರೂ ಇದ್ದಾರೆ. ನಾನು ಬರೆದ ಕರಡು ಒಂದೂವರೆ ಪುಟವಾಯಿತು. ಅಣ್ಣ ‘ಹ್ಯಾಪಿ ಆ್ಯನಿವರ್ಸರಿ ಅಪ್ಪ ಅಮ್ಮ’ ಎಂದು ಹಾಕಿದರೆ ಸಾಕು ಎನ್ನುತ್ತಾನೆ. ಮನೆಯಲ್ಲಿ ನಾವು ಅಮ್ಮನಿಗೆ ‘ನೀನು’ ಎನ್ನುತ್ತೇವೆ, ಅಪ್ಪನಿಗೆ ‘ನೀವು’ ಎನ್ನುತ್ತೇವೆ. ಚಿಕ್ಕದಾಗಿಯೂ ಇರಬೇಕು, ಒಣಗಿದಂತೆಯೂ ಇರಬಾರದು. ಹೇಗೆ ಬರೆಯಲಿ? ಕರಡನ್ನು ಜೊತೆಗೆ ಕಳುಹಿಸಿದ್ದೇನೆ.
— ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ನಿಮ್ಮ ಕರಡನ್ನು ನಿಧಾನವಾಗಿ ಓದಿದೆ. ಅದರಲ್ಲಿ ಆಡಂಬರದ ಮಾತು ಒಂದೂ ಇಲ್ಲ. ಆದರೂ ಅದು ಒಂದೂವರೆ ಪುಟಕ್ಕೆ ಬೆಳೆದದ್ದಕ್ಕೆ ಒಂದು ಸ್ಪಷ್ಟವಾದ ಕಾರಣ ಕಾಣುತ್ತದೆ. ಮೊದಲ ಎರಡು ಪ್ಯಾರಾಗಳು ಅಪ್ಪನವು: ಬ್ಯಾಂಕಿನ ಕೆಲಸ, ವರ್ಗಾವಣೆಯಾದಾಗ ಒಬ್ಬರೇ ಬೇರೆ ಊರಿನಲ್ಲಿದ್ದದ್ದು, ಭಾನುವಾರ ನಿಮ್ಮಿಬ್ಬರನ್ನೂ ಸ್ಕೂಟರಿನಲ್ಲಿ ಲಾಲ್‌ಬಾಗಿಗೆ ಕರೆದೊಯ್ಯುತ್ತಿದ್ದದ್ದು. ನಂತರದ ಎರಡು ಅಮ್ಮನವು: ಮನೆಯಲ್ಲೇ ಹೊಲಿಗೆ ಹೇಳಿಕೊಡುತ್ತಿದ್ದದ್ದು, ಬೆಳಿಗ್ಗೆ ಐದಕ್ಕೆ ಎದ್ದು ಮೂರು ಡಬ್ಬಿ ಕಟ್ಟುತ್ತಿದ್ದದ್ದು, ಅಣ್ಣನ ಇಂಜಿನಿಯರಿಂಗ್ ಫೀಸಿಗೆಂದು ಬಳೆ ಅಡವಿಟ್ಟದ್ದು. ಈ ನಾಲ್ಕು ಪ್ಯಾರಾಗಳನ್ನು ಎರಡು ಬೇರೆ ಹಾಳೆಗಳಿಗೆ ಹಂಚಿದರೆ, ಅಪ್ಪನಿಗೆ ಒಂದು ಕೃತಜ್ಞತೆಯ ಪತ್ರ, ಅಮ್ಮನಿಗೆ ಇನ್ನೊಂದು ಎಂಬಂತೆ ಪೂರ್ತಿಯಾಗಿ ನಿಲ್ಲುತ್ತವೆ. ಅವರಿಬ್ಬರಿಗೆ ಮದುವೆಯಾಗಿದೆ ಎಂಬುದೇ ಅವುಗಳಲ್ಲಿ ಎಲ್ಲಿಯೂ ಬರುವುದಿಲ್ಲ.

ಲಗ್ನಪತ್ರಿಕೆ, ಷಷ್ಟ್ಯಬ್ದಿಯ ಆಹ್ವಾನ, ಅಭಿನಂದನೆ ಇಂಥವುಗಳ ಒಕ್ಕಣೆ ಬರೆದುಕೊಡುವುದು ನನ್ನ ಕೆಲಸ. ಮಕ್ಕಳು ತಂದೆ-ತಾಯಿಗೆ ಬರೆದ ಸಂದೇಶಗಳನ್ನು ತಿದ್ದಿಕೊಡಿ ಎಂದು ತರುವವರೂ ಬಹಳ ಮಂದಿ. ಅವುಗಳಲ್ಲಿ ಹೆಚ್ಚಿನವು ನಿಮ್ಮ ಕರಡಿನ ದಾರಿಯನ್ನೇ ಹಿಡಿದಿರುತ್ತವೆ, ಅದು ಸಹಜವೂ ಹೌದು. ಮಕ್ಕಳ ನೆನಪಿನಲ್ಲಿ ತಂದೆ ಒಬ್ಬರು, ತಾಯಿ ಒಬ್ಬರು. ಇಬ್ಬರಿಂದಲೂ ತಮಗೆ ಸಿಕ್ಕಿದ್ದು ಬೇರೆ ಬೇರೆ. ಆದರೆ ಮದುವೆಯ ದಿನವು ಅವರು ನಿಮಗೆ ಏನು ಮಾಡಿದರು ಎಂಬುದರ ದಿನವಲ್ಲ. ನೀವು ಹುಟ್ಟುವುದಕ್ಕೂ ಮೊದಲು ಅವರಿಬ್ಬರ ನಡುವೆ ಶುರುವಾದ ಸಂಗತಿಯೊಂದರ ದಿನ ಅದು. ಆದ್ದರಿಂದ ಸಂದೇಶದ ಮುಖ್ಯ ವಾಕ್ಯದಲ್ಲಿ ‘ನೀವಿಬ್ಬರೂ’ ಎಂಬುದೇ ಕರ್ತೃವಾಗಿರಬೇಕು, ಕ್ರಿಯಾಪದವು ಇಬ್ಬರೂ ಸೇರಿ ಮಾಡುವ ಕೆಲಸವನ್ನು ಹೇಳಬೇಕು. ಇದೊಂದನ್ನು ಹಿಡಿದುಕೊಂಡರೆ ಸಂದೇಶ ತಾನಾಗಿ ಚಿಕ್ಕದಾಗುತ್ತದೆ. ಏಕೆಂದರೆ ಮಕ್ಕಳು ಕಣ್ಣಾರೆ ಕಂಡಿರುವ, ತಂದೆ-ತಾಯಿ ಇಬ್ಬರೂ ಒಟ್ಟಿಗೆ ಇರುವ ದೃಶ್ಯಗಳು ನಿಜಕ್ಕೂ ಕಡಿಮೆ.

ನಿಮ್ಮ ಕರಡಿನಲ್ಲಿರುವ ಸಂಗತಿಗಳನ್ನು ಹೀಗೆ ಒಂದೊಂದಾಗಿ ಎತ್ತಿ ನೋಡೋಣ. ವರ್ಗಾವಣೆಯ ಕಾಲದ ಸಂಗತಿಯಲ್ಲಿ ಅಪ್ಪ ಒಬ್ಬರೇ ಇದ್ದಾರೆ. ಮೂರು ಡಬ್ಬಿಯ ಸಂಗತಿಯಲ್ಲಿ ಅಮ್ಮ ಒಬ್ಬರೇ ಇದ್ದಾರೆ. ಮೂರರಲ್ಲಿ ಒಂದು ಡಬ್ಬಿ ಅಪ್ಪನದು ಎಂದು ಎಳೆದು ತರಬಹುದಾದರೂ, ಅಷ್ಟು ಮಂದಿಯ ಮುಂದೆ ಅದು ‘ಅಮ್ಮ ಎಲ್ಲರಿಗೂ ದುಡಿದಳು’ ಎಂದೇ ಕೇಳಿಸುತ್ತದೆ. ಲಾಲ್‌ಬಾಗಿನ ಸ್ಕೂಟರು ಚೆಂದದ ನೆನಪು, ಆದರೆ ಅದರಲ್ಲಿ ಅಮ್ಮ ಇಲ್ಲ. ಐದನೆಯ ಪ್ಯಾರಾದ ಕೊನೆಯಲ್ಲಿ ಮಾತ್ರ, ಬೇರೆ ಏನನ್ನೋ ಹೇಳಹೊರಟವರು ದಾರಿಯಲ್ಲಿ ಹೇಳಿಬಿಟ್ಟಂತೆ, ಒಂದು ಸಾಲು ಬರೆದಿದ್ದೀರಿ: ಅವರೆಕಾಯಿಯ ಕಾಲದಲ್ಲಿ ಅಪ್ಪ ಬ್ಯಾಂಕಿನಿಂದ ಬಂದು ಕಾಫಿ ಕುಡಿದ ಮೇಲೆ, ನೆನೆಸಿಟ್ಟ ಕಾಳಿನ ಪಾತ್ರೆಯ ಎರಡು ಕಡೆ ಇಬ್ಬರೂ ಕೂತು ಹಿತಕಬೇಳೆಗೆ ಕಾಳು ಹಿಸುಕುತ್ತಿದ್ದರು, ಪಕ್ಕದ ಕೋಣೆಯಲ್ಲಿ ಓದುತ್ತಿದ್ದ ನಿಮಗೆ ಅವರ ಮಾತು ಕೇಳಿಸುತ್ತಿತ್ತು. ನಿಮ್ಮ ಸಂದೇಶ ಈ ಸಾಲಿನಲ್ಲಿದೆ. ಅದರಲ್ಲಿ ಇಬ್ಬರೂ ಇದ್ದಾರೆ, ಇಬ್ಬರ ಕೈಗೂ ಒಂದೇ ಕೆಲಸವಿದೆ, ಮಕ್ಕಳಾದ ನೀವೂ ಒಂದು ಮೂಲೆಯಲ್ಲಿ ಇದ್ದೀರಿ. ದೊಡ್ಡಪ್ಪನಿಗೂ ಚಿಕ್ಕಮ್ಮನಿಗೂ ಬೀಗರಿಗೂ ವಿವರಿಸಬೇಕಾದ ಅಗತ್ಯವೇ ಇಲ್ಲ, ಬೆಂಗಳೂರಿನ ಮನೆಗಳಲ್ಲಿ ಡಿಸೆಂಬರ್-ಜನವರಿಯ ಸಂಜೆ ಹೇಗಿರುತ್ತದೆ ಎಂಬುದು ಅವರಿಗೆ ಗೊತ್ತು. ಮದುವೆಯಾದದ್ದು ಮೇ ತಿಂಗಳಲ್ಲಿ, ನೆನಪು ಚಳಿಗಾಲದ್ದು ಎಂದು ಹಿಂಜರಿಯುವುದು ಬೇಡ.

ಬಳೆಯ ಸಂಗತಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಿಮ್ಮ ಕರಡಿನಲ್ಲಿ ನಿಮಗೆ ಅತ್ಯಂತ ಪ್ರಿಯವಾದ ಭಾಗ ಅದೇ ಎಂದು ತೋರುತ್ತದೆ. ದಯವಿಟ್ಟು ಅದನ್ನು ಗುಂಪಿಗೆ ಹಾಕಬೇಡಿ. ಒಡವೆ ಅಡವಿಟ್ಟದ್ದನ್ನು ಅಮ್ಮ ಅಂದು ಯಾರಿಗೆ ಹೇಳಿದ್ದರು, ಯಾರಿಗೆ ಹೇಳಿರಲಿಲ್ಲ ಎಂಬುದು ನಿಮಗೆ ಪೂರ್ತಿ ತಿಳಿದಿರಲಾರದು. ಅದೇ ಸಮಯದಲ್ಲಿ ಯಾರ ಬಳಿಯಾದರೂ ಸಾಲ ಕೇಳಿ ಅದು ಸಿಗದೇ ಹೋಗಿದ್ದರೆ, ಆ ವ್ಯಕ್ತಿಯೂ ಈಗ ಗುಂಪಿನಲ್ಲಿ ಇರಬಹುದು. ಅಪ್ಪನ ದೃಷ್ಟಿಯಿಂದ ನೋಡಿದರೆ, ಮಗನ ಫೀಸಿಗೆ ಹೆಂಡತಿಯ ಬಳೆ ಹೋಯಿತು ಎಂಬ ಮಾತು ತಮ್ಮ ಮದುವೆಯ ದಿನದಂದೇ ಬೀಗರ ಮುಂದೆ ಬಂದಂತಾಗುತ್ತದೆ. ನೀವು ಅಮ್ಮನ ತ್ಯಾಗವನ್ನು ಹೊಗಳಿದ್ದೀರಿ. ಅವರು ಅದನ್ನು ತಾವು ಒದಗಿಸಲಾಗದೇ ಹೋದದ್ದರ ಲೆಕ್ಕ ಎಂದು ಓದಬಹುದು. ಸಾಲ, ಕಾಯಿಲೆ, ನೌಕರಿಯ ತೊಂದರೆ, ಅತ್ತೆಯ ಮನೆಯಲ್ಲಿ ಅಮ್ಮ ಪಟ್ಟ ಕಷ್ಟ, ಇವೆಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ. ಒಂದು ಸಂಗತಿ ಗುಂಪಿಗೆ ಹೊಂದುತ್ತದೆಯೇ ಎಂದು ತಿಳಿಯಬೇಕಾದರೆ, ಅತ್ತಿಗೆಯ ತಂದೆ-ತಾಯಿ ಊಟಕ್ಕೆ ಬಂದಿರುವಾಗ ಅಪ್ಪನೂ ಅಮ್ಮನೂ ಎದುರಿಗೇ ಕುಳಿತಿರಲು ಅದನ್ನು ಗಟ್ಟಿಯಾಗಿ ಹೇಳುತ್ತೀರಾ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಬಳೆಯ ಮಾತನ್ನು ಅಂದು ಸಂಜೆ ಅಮ್ಮ ಒಬ್ಬರೇ ಇದ್ದಾಗ ಹೇಳಿ, ಇಲ್ಲವೇ ಕೈಯಲ್ಲಿ ಬರೆದು ಕೊಡಿ. ಅದಕ್ಕೆ ಒಂದೂವರೆ ಪುಟವೂ ಸಲ್ಲುತ್ತದೆ.

ಅಣ್ಣನ ಒಂದು ಸಾಲನ್ನೂ ಪೂರ್ತಿ ತಳ್ಳಿಹಾಕಬೇಕಾಗಿಲ್ಲ. ಚಿಕ್ಕದಿರಬೇಕು ಎಂಬ ಅವರ ಅನಿಸಿಕೆ ಸರಿಯೇ. ಉದ್ದದ ಸಂದೇಶವನ್ನು ವಾಟ್ಸ್‌ಆ್ಯಪ್ ಅರ್ಧಕ್ಕೆ ಮಡಚಿ, ಉಳಿದದ್ದನ್ನು ಓದಲು ಒತ್ತಬೇಕಾದ ಕೊಂಡಿಯೊಂದನ್ನು ಕೊನೆಯಲ್ಲಿ ತೋರಿಸುತ್ತದೆ, ವಯಸ್ಸಾದ ನೆಂಟರಲ್ಲಿ ಹಲವರು ಅದನ್ನು ಒತ್ತುವುದೇ ಇಲ್ಲ. ಆದರೆ ಅಣ್ಣನ ಸಾಲಿನ ಕೊರತೆ ಬೇರೆ. ಅದನ್ನು ಯಾವ ಮನೆಯ ಯಾವ ದಂಪತಿಗೆ ಬೇಕಾದರೂ ಕಳುಹಿಸಬಹುದು, ಗುಂಪಿನಲ್ಲಿರುವ ಎಲ್ಲ ನೆಂಟರೂ ಅಂದು ಅದನ್ನೇ ಹಾಕುತ್ತಾರೆ. ಮಕ್ಕಳ ಸಂದೇಶ ಆ ಸಾಲಿನ ನಡುವೆ ಗುರುತೇ ಸಿಗದಂತೆ ಸೇರಿಹೋಗುತ್ತದೆ. ‘ಆದರ್ಶ ದಂಪತಿ’, ‘ಶಿವ-ಪಾರ್ವತಿಯರಂಥ ಜೋಡಿ’ ಎಂಬ ಮಾತುಗಳಿಗೂ ಇದೇ ಕೊರತೆ ಇದೆ, ಜೊತೆಗೆ ಇನ್ನೊಂದು ತೊಡಕೂ ಇದೆ: ಮೂವತ್ತು ವರ್ಷ ಒಟ್ಟಿಗೆ ಬಾಳಿದವರಿಗೆ ತಮ್ಮ ಜಗಳಗಳೂ ನೆನಪಿರುತ್ತವೆ, ಮಕ್ಕಳು ಅವನ್ನು ಕಂಡಿದ್ದಾರೆಂಬುದೂ ಗೊತ್ತಿರುತ್ತದೆ. ಆಗ ಆದರ್ಶ ಎಂಬ ಮಾತು ಬಾಯಿಪಾಠದಂತೆ ಕೇಳಿಸುತ್ತದೆ. ಕಾಳು ಹಿಸುಕುತ್ತಾ ಮಾತಾಡುತ್ತಿದ್ದಿರಿ ಎಂದರೆ ಇಬ್ಬರಿಗೂ ಅದು ತಮ್ಮದೇ ಎಂದು ಅನ್ನಿಸುತ್ತದೆ.

ಇನ್ನು ಮಕ್ಕಳು ಯಾವ ಸ್ಥಾನದಿಂದ ಮಾತಾಡಬೇಕು ಎಂಬುದು. ಹಿಂದೆ ಮಕ್ಕಳು ಊರಿಗೆ ಬರೆಯುತ್ತಿದ್ದ ಕಾಗದಗಳು ‘ತೀರ್ಥರೂಪ ತಂದೆಯವರಿಗೆ ಸಾಷ್ಟಾಂಗ ನಮಸ್ಕಾರಗಳು’ ಎಂದು ತೊಡಗಿ, ಆಶೀರ್ವಾದ ಬೇಡುವ ಮಾತಿನಿಂದ ಮುಗಿಯುತ್ತಿದ್ದವು. ಆ ಒಕ್ಕಣೆಯನ್ನು ಇಂದು ಹಾಗೆಯೇ ತರಬೇಕೆಂದು ನಾನು ಹೇಳುವುದಿಲ್ಲ, ಆದರೆ ಅದರಲ್ಲಿದ್ದ ಒಂದು ಕ್ರಮ ನಮ್ಮ ಮನೆಗಳಲ್ಲಿ ಈಗಲೂ ಉಳಿದಿದೆ: ಕಿರಿಯರು ನಮಸ್ಕರಿಸುತ್ತಾರೆ, ಹಿರಿಯರು ಹರಸುತ್ತಾರೆ. ನಿಮ್ಮ ಕರಡಿನ ಕೊನೆಯಲ್ಲಿರುವ ‘ನೂರು ಕಾಲ ಸುಖವಾಗಿ ಬಾಳಿ ಎಂದು ಹರಸುತ್ತೇವೆ’ ಎಂಬುದು ಹಿರಿಯರ ಬಾಯಿಯ ಮಾತು. ಅಂದು ಅದನ್ನು ಹೇಳಲು ದೊಡ್ಡಪ್ಪ ಇದ್ದಾರೆ, ಹೇಳಿಯೂ ಹೇಳುತ್ತಾರೆ. ಅದನ್ನು ಅವರಿಗೇ ಬಿಡಿ. ಮಕ್ಕಳ ಸಂದೇಶ ‘ಇಬ್ಬರಿಗೂ ನಮ್ಮ ನಮಸ್ಕಾರ’ ಎಂದು ಮುಗಿದರೆ ಸಾಕು, ಹೆಚ್ಚೆಂದರೆ ಅದರ ಮುಂದೆ ‘ನಿಮ್ಮ ಆಶೀರ್ವಾದ ಇರಲಿ’ ಎಂದು ಸೇರಿಸಬಹುದು. ದೂರದಲ್ಲಿರುವ ಮಕ್ಕಳು ಅಂದು ಕಾಲಿಗೆರಗಲು ಆಗುವುದಿಲ್ಲವಲ್ಲ, ಆ ಕೆಲಸವನ್ನು ಈ ಎರಡು-ಮೂರು ಪದಗಳು ಮಾಡುತ್ತವೆ. ಶುಭಾಶಯ ಎಂಬ ಪದವನ್ನು ಬಿಡಲೇಬೇಕೆಂದೇನೂ ಇಲ್ಲ, ಇಂದು ಅದನ್ನು ಎಲ್ಲರೂ ಎಲ್ಲರಿಗೂ ಹೇಳುತ್ತಾರೆ. ಆದರೆ ನಮಸ್ಕಾರವಿದ್ದರೆ ಅದರ ಕೊರತೆ ಕಾಣುವುದಿಲ್ಲ.

‘ನೀನು’ ಮತ್ತು ‘ನೀವು’ ನಿಮ್ಮನ್ನು ಕಾಡಿದ್ದು ಸರಿಯಾಗಿಯೇ ಇದೆ. ಅಮ್ಮನನ್ನು ಏಕವಚನದಲ್ಲಿ, ಅಪ್ಪನನ್ನು ಬಹುವಚನದಲ್ಲಿ ಕರೆಯುವುದು ಈ ಭಾಗದ ಎಷ್ಟೋ ಮನೆಗಳ ರೂಢಿ. ಮನೆಯೊಳಗೆ ಅದರಲ್ಲಿ ಸಲುಗೆ ಇದೆಯೇ ಹೊರತು ಅಗೌರವ ಇಲ್ಲ. ಬರಹದಲ್ಲಿ, ಅದೂ ಬೀಗರು ಓದುವ ಕಡೆ, ‘ಅಪ್ಪ, ನೀವು ದುಡಿದಿರಿ, ಅಮ್ಮ, ನೀನು ಬಡಿಸಿದೆ’ ಎಂದು ಎರಡೂ ಅಕ್ಕಪಕ್ಕ ಬಂದಾಗ ಮಾತ್ರ ಇಬ್ಬರ ನಡುವೆ ಒಂದು ಮೆಟ್ಟಿಲು ಇದ್ದಂತೆ ಕಾಣುತ್ತದೆ. ಅದಕ್ಕಾಗಿ ಅಮ್ಮನನ್ನು ‘ನೀವು’ ಎಂದು ಕರೆಯಲು ಹೋದರೆ ಅಮ್ಮನಿಗೇ ಅದು ಹೊರಗಿನವರ ಮಾತಿನಂತೆ ಕೇಳಿಸೀತು. ಇಬ್ಬರನ್ನೂ ಸೇರಿಸಿ ‘ನೀವಿಬ್ಬರೂ’ ಎಂದು ಬರೆದರೆ ಈ ತೊಡಕು ಏಳುವುದೇ ಇಲ್ಲ, ಏಕೆಂದರೆ ಇಬ್ಬರಿಗೆ ಕನ್ನಡದಲ್ಲಿ ಇರುವುದು ಬಹುವಚನ ಒಂದೇ. ಇಬ್ಬರೂ ಸೇರಿ ಮಾಡುವುದನ್ನೇ ಹೇಳಬೇಕು ಎಂದು ಮೊದಲು ಹೇಳಿದೆನಲ್ಲ, ಅದನ್ನು ಪಾಲಿಸಿದವರಿಗೆ ವಚನದ ಈ ಸಮಸ್ಯೆ ಎದುರಾಗುವುದೇ ಇಲ್ಲ. ಸಂಬೋಧನೆಯನ್ನು ಮನೆಯಲ್ಲಿ ಕೂಗುವ ಹಾಗೆಯೇ ‘ಅಪ್ಪ, ಅಮ್ಮ’ ಎಂದು ಇಡಿ. ‘ಇಂದು ನಮ್ಮ ಪೂಜ್ಯ ತಂದೆ-ತಾಯಿಯವರ ವಿವಾಹ ವಾರ್ಷಿಕೋತ್ಸವ’ ಎಂದು ತೊಡಗಿದರೆ ಅದು ಗುಂಪಿಗೆ ಹೊರಡಿಸಿದ ಪ್ರಕಟಣೆಯಾಗುತ್ತದೆ, ಅವರಿಬ್ಬರೂ ತಮ್ಮ ಸುದ್ದಿಯನ್ನು ತಾವೇ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಂತಾಗುತ್ತದೆ.

ಅತ್ತಿಗೆಯ ವಿಷಯವನ್ನು ಮರೆಯುವವರು ಬಹಳ. ಅವರು ನಿಮ್ಮ ತಂದೆ-ತಾಯಿಯನ್ನು ಅಪ್ಪ-ಅಮ್ಮ ಎಂದೇ ಕರೆಯುತ್ತಾರೋ, ಮಾವ-ಅತ್ತೆ ಎನ್ನುತ್ತಾರೋ ಎಂಬುದರ ಮೇಲೆ ಸಹಿ ನಿಲ್ಲುತ್ತದೆ. ಅಪ್ಪ-ಅಮ್ಮ ಎನ್ನುವವರಾದರೆ ಮೂವರ ಹೆಸರೂ ಒಂದೇ ಸಾಲಿನಲ್ಲಿ ಇರಲಿ. ಮಾವ-ಅತ್ತೆ ಎನ್ನುವವರಾದರೆ, ಅವರು ಆಡದ ಸಂಬೋಧನೆಯ ಕೆಳಗೆ, ಅವರು ಕಂಡಿಲ್ಲದ ಬಾಲ್ಯದ ನೆನಪಿನ ಕೆಳಗೆ ಅವರ ಹೆಸರನ್ನು ಸೇರಿಸುವುದು ಸರಿಯಲ್ಲ. ನೀವು ಮತ್ತು ಅಣ್ಣ ಒಂದು ಸಂದೇಶ ಹಾಕಿ, ಅದರ ಕೆಳಗೆ ಅತ್ತಿಗೆ ತಮ್ಮದೇ ಒಂದು ಸಾಲು ಬರೆಯಲಿ. ಅವರ ಹೆಸರು ಬಿಟ್ಟುಹೋಯಿತು ಎಂದು ಅವರ ತಂದೆ-ತಾಯಿಗೆ ಅನ್ನಿಸದಿರಲು ಇದೇ ಉತ್ತಮ ದಾರಿ.

ಈಗ ವರ್ಷದ ಲೆಕ್ಕ. ಕರಡಿನಲ್ಲಿ ನೀವು ‘31ನೇ ವಾರ್ಷಿಕೋತ್ಸವ’ ಎಂದು ಬರೆದಿದ್ದೀರಿ. 1996ರ ಮೇ ತಿಂಗಳಿನಲ್ಲಿ ಮದುವೆಯಾದವರಿಗೆ 2026ರ ಮೇ ತಿಂಗಳಿನಲ್ಲಿ 30 ತುಂಬುತ್ತದೆ, ಅಂದಿನಿಂದ 31ನೆಯ ವರ್ಷ ಹಿಡಿಯುತ್ತದೆ. ಈ ಎರಡನ್ನು ಬೆರೆಸುವುದರಿಂದಲೇ ಪ್ರತಿವರ್ಷ ಗುಂಪುಗಳಲ್ಲಿ ಒಬ್ಬರು ಒಂದು ಅಂಕಿ, ಇನ್ನೊಬ್ಬರು ಇನ್ನೊಂದು ಅಂಕಿ ಹಾಕುವುದು. ‘ಮದುವೆಯಾಗಿ ಮೂವತ್ತು ವರ್ಷ ತುಂಬಿತು’ ಎಂದು ಬರೆದರೆ ಗೊಂದಲಕ್ಕೆ ಎಡೆಯಿರುವುದಿಲ್ಲ.

ತಾರೀಖನ್ನು ಮಾತ್ರ ಲಗ್ನಪತ್ರಿಕೆಯನ್ನು ತೆಗೆದು ನೋಡಿಯೇ ಖಚಿತಪಡಿಸಿಕೊಳ್ಳಿ, ಆಲ್ಬಮ್ಮನ್ನು ನಂಬಬೇಡಿ. ಬೆಂಗಳೂರಿನ ಮದುವೆಗಳಲ್ಲಿ ಆರತಕ್ಷತೆಯನ್ನು ಮುಹೂರ್ತದ ಹಿಂದಿನ ಸಂಜೆಯೇ ಇಟ್ಟುಕೊಳ್ಳುವ ರೂಢಿ ಎಷ್ಟೋ ಮನೆಗಳಲ್ಲಿದೆ, ಪತ್ರಿಕೆಯಲ್ಲಿ ಎರಡೂ ದಿನಗಳು ಅಚ್ಚಾಗಿರುತ್ತವೆ. ಆಲ್ಬಮ್ಮಿನಲ್ಲಿ ಚೆನ್ನಾಗಿ ಬಂದಿರುವ ಜೋಡಿ ಚಿತ್ರಗಳು ಸಾಮಾನ್ಯವಾಗಿ ಆರತಕ್ಷತೆಯವು. ಆ ಚಿತ್ರದ ಹಿಂದೆ ಬರೆದಿಟ್ಟ ತಾರೀಖನ್ನು ನೋಡಿದ ಮಕ್ಕಳು ಒಂದು ದಿನ ಮೊದಲೇ ಸಂದೇಶ ಹಾಕಿಬಿಡುವುದುಂಟು. ಧಾರೆ ಎರೆದ ದಿನವೇ ಮದುವೆಯ ದಿನ. ಹಾಗೆಯೇ ನಿಮ್ಮ ಮನೆಯಲ್ಲಿ ಈ ದಿನವನ್ನು ತಾರೀಖಿನಂತೆ ಆಚರಿಸುತ್ತಾರೋ ತಿಥಿಯಂತೆಯೋ ಎಂದು ಅಮ್ಮನ ನಡವಳಿಕೆಯಿಂದ ತಿಳಿದುಕೊಳ್ಳಿ. ಚಾಂದ್ರಮಾನದ ವರ್ಷವು ನಮ್ಮ ಕ್ಯಾಲೆಂಡರಿನ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು, ಅಧಿಕ ಮಾಸ ಬಂದಾಗ ಆ ಅಂತರ ಮತ್ತೆ ಸರಿಹೋಗುತ್ತದೆ. ಹಾಗಾಗಿ ತಿಥಿ ಮತ್ತು ತಾರೀಖು ಕೆಲವು ವರ್ಷ ಹತ್ತಿರ ಬಂದು, ಕೆಲವು ವರ್ಷ ವಾರಗಟ್ಟಲೆ ದೂರ ಸರಿಯುತ್ತವೆ. ತಿಥಿಯ ದಿನ ಅಮ್ಮ ದೇವಸ್ಥಾನಕ್ಕೆ ಹೋಗಿ ಬಂದು ಸುಮ್ಮನಿದ್ದು, ತಾರೀಖಿನ ದಿನ ನೆಂಟರ ಕರೆಗಳು ಬರುವುದು ನಿಮ್ಮ ಮನೆಯ ಕ್ರಮವಾದರೆ, ಗುಂಪಿನ ಸಂದೇಶಕ್ಕೆ ತಾರೀಖಿನ ದಿನವೇ ತಕ್ಕದ್ದು.

ಇಷ್ಟನ್ನೆಲ್ಲ ಇಟ್ಟುಕೊಂಡು ನಿಮ್ಮದೇ ಕರಡಿನಿಂದ ನಾನು ತೆಗೆದದ್ದು ಇದು:

‘ಅಪ್ಪ, ಅಮ್ಮ,
ಇವತ್ತಿಗೆ ನಿಮ್ಮ ಮದುವೆಯಾಗಿ ಮೂವತ್ತು ವರ್ಷ ತುಂಬಿತು. ಅವರೆಕಾಯಿ ಕಾಲ ಬಂತೆಂದರೆ ಸಂಜೆ ನೀವಿಬ್ಬರೂ ಒಂದೇ ಪಾತ್ರೆಯ ಮುಂದೆ ಕೂತು ಕಾಳು ಹಿಸುಕುತ್ತಾ ಮಾತಾಡುತ್ತಿದ್ದಿರಿ. ಅದನ್ನು ಕೇಳಿಸಿಕೊಂಡೇ ನಾವು ಓದು ಮುಗಿಸಿದ್ದು. ನಿಮ್ಮ ಆ ಮಾತು ಇನ್ನೂ ಮುಗಿದಿಲ್ಲ ಅನ್ನುವುದೇ ನಮ್ಮ ಸಂತೋಷ.
ಇಬ್ಬರಿಗೂ ನಮ್ಮ ನಮಸ್ಕಾರ.’

ಕೆಳಗೆ ನಿಮ್ಮ ಮತ್ತು ಅಣ್ಣನ ಮನೆಯ ಹೆಸರುಗಳನ್ನು, ಅಂದರೆ ಅಪ್ಪ-ಅಮ್ಮ ನಿಮ್ಮನ್ನು ಕೂಗುವ ಹೆಸರುಗಳನ್ನೇ ಹಾಕಿ. ಇದರಲ್ಲಿ ನಲವತ್ತು ಪದಗಳೂ ಇಲ್ಲ, ಪರದೆಯ ಮೇಲೆ ಮಡಚದೆ ಒಂದೇ ನೋಟಕ್ಕೆ ಕಾಣುತ್ತದೆ. ಮೊದಲ ವಾಕ್ಯ ದಿನ ಯಾವುದೆಂದು ನೆಂಟರಿಗೂ ತಿಳಿಸುತ್ತದೆ, ಆದ್ದರಿಂದ ಬೇರೆ ಶೀರ್ಷಿಕೆ ಬೇಡ. ಎರಡನೆಯದು ಒಂದೇ ಒಂದು ದೃಶ್ಯ. ಮೂರನೆಯದರಲ್ಲಿ ಮಕ್ಕಳು ಬರುತ್ತಾರೆ, ಆದರೆ ಕೇಳಿಸಿಕೊಂಡವರಾಗಿ ಮಾತ್ರ. ನಾಲ್ಕನೆಯದು ಅಂದಿನದನ್ನು ಇಂದಿಗೆ ತರುತ್ತದೆ. ಇದು ಇಲ್ಲದಿದ್ದರೆ ಸಂದೇಶ ಹಳೆಯ ಕಾಲದ ನೆನಪಾಗಿ ಉಳಿದುಬಿಡುತ್ತದೆ, ಅವರಿಬ್ಬರ ಬಾಳು ಮುಂದುವರಿಯುತ್ತಿದೆ ಎಂಬುದು ಬರುವುದಿಲ್ಲ.

ಮೊದಲು ನಾನು ಎರಡನೆಯ ವಾಕ್ಯದಲ್ಲಿ ‘ಬ್ಯಾಂಕಿನಿಂದ ಬಂದು ಕಾಫಿ ಕುಡಿದ ಮೇಲೆ’ ಎಂಬುದನ್ನೂ ಇಟ್ಟಿದ್ದೆ. ಓದಿ ನೋಡಿದಾಗ ಆ ತುಣುಕು ಅಪ್ಪ ಒಬ್ಬರದಾಗಿ, ಅಮ್ಮ ಅಷ್ಟರಲ್ಲಿ ಕಾಫಿ ಮಾಡಿಕೊಟ್ಟವರಾಗಿ ಕಂಡರು, ಅದಕ್ಕೆ ತೆಗೆದೆ. ‘ಒಂದೇ ಪಾತ್ರೆಯ ಮುಂದೆ’ ಎಂಬುದನ್ನು ಮಾತ್ರ ಎಷ್ಟು ಚಿಕ್ಕದು ಮಾಡಬೇಕೆಂದರೂ ಕಳೆಯಬೇಡಿ, ಇಬ್ಬರನ್ನು ಹತ್ತಿರ ಕೂರಿಸಿರುವುದು ಅದೇ. ನಿಮಗೆ ಆ ಸಂಜೆಗಳಲ್ಲಿ ಅವರು ಆಡಿದ ಒಂದು ನಿರ್ದಿಷ್ಟ ಮಾತು ನೆನಪಿದ್ದರೆ, ಉದಾಹರಣೆಗೆ ಕಾಳು ಹೆಚ್ಚು ಹಿಸುಕಿದವರು ಯಾರು ಎಂಬ ಪ್ರತಿದಿನದ ವಾದ, ‘ಮಾತಾಡುತ್ತಿದ್ದಿರಿ’ ಎಂಬಲ್ಲಿ ಅದನ್ನು ಇಡಿ. ನೆನಪಿಲ್ಲದಿದ್ದರೆ ಕಲ್ಪಿಸಿ ಬರೆಯಬೇಡಿ. ಆಗದ ಮಾತನ್ನು ಅವರಿಬ್ಬರೂ ಕೂಡಲೇ ಗುರುತಿಸುತ್ತಾರೆ, ಉಳಿದ ಸಾಲುಗಳ ಮೇಲಿನ ನಂಬಿಕೆಯೂ ಅದರೊಂದಿಗೆ ಸಡಿಲವಾಗುತ್ತದೆ. ಭಾಷೆಯನ್ನು ನಾನು ಪೂರ್ತಿ ಗ್ರಾಂಥಿಕವೂ ಅಲ್ಲದ, ಪೂರ್ತಿ ಆಡುಮಾತೂ ಅಲ್ಲದ ಹದದಲ್ಲಿ ಇಟ್ಟಿದ್ದೇನೆ. ನೀವು ಮನೆಯಲ್ಲಿ ಆಡುವ ಹಾಗೆ ‘ಕೂತ್ಕೊಂಡು’, ‘ಮಾತಾಡ್ತಿದ್ರಿ’ ಎಂದು ಬದಲಿಸಿದರೂ ಕೆಡುವುದಿಲ್ಲ, ಆದರೆ ಬದಲಿಸಿದರೆ ಎಲ್ಲ ಕ್ರಿಯಾಪದಗಳನ್ನೂ ಬದಲಿಸಿ. ಕೆಲವು ಹಾಗೆ, ಕೆಲವು ಹೀಗೆ ಇದ್ದರೆ ಸಾಲುಗಳನ್ನು ಬೇರೆ ಬೇರೆ ಕಡೆಯಿಂದ ಎತ್ತಿ ಜೋಡಿಸಿದಂತೆ ಕಾಣುತ್ತದೆ.

ಅತ್ತಿಗೆ ಮದುವೆಯಾಗಿ ಬಂದ ಮೇಲೆ ಕಂಡದ್ದನ್ನು ಅವರು ಬರೆಯಬೇಕು. ‘ಮಾವ, ಅತ್ತೆ, ಈ ಮನೆಗೆ ಬಂದ ಮೊದಲ ಅವರೆಕಾಯಿ ಕಾಲದಲ್ಲಿ ಆ ಪಾತ್ರೆಯ ಮುಂದೆ ನನಗೂ ಜಾಗ ಮಾಡಿಕೊಟ್ಟಿರಿ. ಇಬ್ಬರಿಗೂ ನಮಸ್ಕಾರ’ ಎಂಬಂಥ ಒಂದು ಸಾಲು, ಅದು ನಿಜವಾಗಿದ್ದರೆ, ನಿಮ್ಮ ಸಂದೇಶದ ಕೆಳಗೆ ಬಹಳ ಚೆನ್ನಾಗಿ ಕೂರುತ್ತದೆ. ನಿಜವಲ್ಲದಿದ್ದರೆ ಅವರು ಕಂಡ ಬೇರೆ ಸಂಗತಿ ಇರಲಿ.

ಚಿತ್ರವನ್ನು ಹಾಕುವುದಾದರೆ ಒಂದೇ ಒಂದು. ಮದುವೆಯ ಆಲ್ಬಮ್ಮಿನ ಚಿತ್ರವನ್ನು ಪ್ಲಾಸ್ಟಿಕ್ ಹಾಳೆಯ ಮೇಲಿಂದಲೇ ದೀಪದ ಕೆಳಗೆ ತೆಗೆದರೆ ಬಿಳಿ ಹೊಳಪು ಅವರ ಮುಖದ ಮೇಲೆಯೇ ಬೀಳುತ್ತದೆ. ಹಗಲಿನಲ್ಲಿ ಕಿಟಕಿಯ ಪಕ್ಕ, ಬೆಳಕು ಓರೆಯಾಗಿ ಬೀಳುವ ಹಾಗೆ ಇಟ್ಟು, ಫ್ಲ್ಯಾಶ್ ಆರಿಸಿ ತೆಗೆಯಿರಿ. ಹಾಳೆ ಚಿತ್ರಕ್ಕೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಹಳೆಯ ಪ್ರಿಂಟುಗಳಲ್ಲಿ ಬಣ್ಣವೇ ಕಿತ್ತು ಬರುತ್ತದೆ. ಕಳುಹಿಸುವಾಗ ‘HD’ ಎಂಬುದನ್ನು ಆರಿಸಿಕೊಂಡರೆ ಚಿತ್ರ ಅಷ್ಟಾಗಿ ಮಸುಕಾಗುವುದಿಲ್ಲ. ಸಂದೇಶವನ್ನು ಬೇರೆಯಾಗಿ ಹಾಕದೆ ಚಿತ್ರದ ಕೆಳಗಿನ ಅಡಿಬರಹವಾಗಿಯೇ ಬರೆಯಿರಿ, ಇಲ್ಲವಾದರೆ ನೆಂಟರ ಉತ್ತರಗಳು ಎರಡರ ನಡುವೆ ನುಗ್ಗಿ ಚಿತ್ರ ಒಂದು ಕಡೆ, ಮಾತು ಒಂದು ಕಡೆ ಆಗುತ್ತದೆ. ಚಿತ್ರದಲ್ಲಿ ಈಗ ಇಲ್ಲದ ಅಜ್ಜ-ಅಜ್ಜಿಯರಿದ್ದರೆ ಒಮ್ಮೆ ಯೋಚಿಸಿ. ಅಗಲಿ ಬಹುಕಾಲವಾಗಿದ್ದರೆ ಅವರನ್ನು ನೋಡಿ ಎಲ್ಲರಿಗೂ ಸಂತೋಷವೇ ಆಗುತ್ತದೆ, ಇತ್ತೀಚಿನದಾದರೆ ಜೋಡಿ ಇಬ್ಬರೇ ಇರುವ ಚಿತ್ರ ಮೇಲು.

ಮನೆಯಲ್ಲಿ ಯಾರಾದರೂ ತೀರಿಕೊಂಡು ವರ್ಷ ತುಂಬದಿದ್ದರೆ, ಎಷ್ಟೋ ಮನೆಗಳಲ್ಲಿ ಆ ವರ್ಷ ಹಬ್ಬವನ್ನೇ ಮಾಡುವುದಿಲ್ಲ. ಅಂಥ ವರ್ಷ ಗುಂಪಿಗೆ ಏನನ್ನೂ ಹಾಕದೆ, ಇದೇ ಸಂದೇಶವನ್ನು ಚಿತ್ರವಿಲ್ಲದೆ ಅವರಿಬ್ಬರಿಗೆ ಮಾತ್ರ ಕಳುಹಿಸಬೇಕು. ಗುಂಪಿಗೆ ಹಾಕಿದರೆ ನೆಂಟರು ಹೂಗುಚ್ಛಗಳನ್ನೂ ಕೇಕುಗಳನ್ನೂ ಹಾಕತೊಡಗುತ್ತಾರೆ, ಅಪ್ಪ-ಅಮ್ಮನಿಗೆ ಅದನ್ನು ತಡೆಯಲೂ ಆಗುವುದಿಲ್ಲ, ಒಪ್ಪಲೂ ಆಗುವುದಿಲ್ಲ.

ಹಾಕುವ ಹೊತ್ತಿನ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ರಾತ್ರಿ ಹನ್ನೆರಡಕ್ಕೆ ಬೇಡ. ಹಿರಿಯರು ಫೋನಿನ ಸದ್ದನ್ನು ಆರಿಸದೆ ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಾರೆ, ನಡುರಾತ್ರಿ ಅದು ಸದ್ದು ಮಾಡಿದರೆ ಮೊದಲು ಮನಸ್ಸಿಗೆ ಬರುವುದು ಕೆಟ್ಟ ಸುದ್ದಿಯ ಭಯ. ಬೆಳಿಗ್ಗೆ ಅವರು ಎದ್ದು ಕಾಫಿ ಮುಗಿಸುವ ಹೊತ್ತಿಗೆ ನೀವು ಎದುರಿಗಿದ್ದರೆ ನಮಸ್ಕಾರ ಮಾಡಿ, ದೂರವಿದ್ದರೆ ಕರೆ ಮಾಡಿ ಇಬ್ಬರೊಂದಿಗೂ ಮಾತಾಡಿ, ಆಮೇಲೆ ಗುಂಪಿಗೆ ಹಾಕಿ. ಈ ಅನುಕ್ರಮ ತಪ್ಪಿದರೆ, ಮಗಳು ಬರೆದದ್ದನ್ನು ಅಮ್ಮ ತಮ್ಮ ತಂಗಿಯ ಫೋನಿನಿಂದ ತಿಳಿಯುವಂತಾಗುತ್ತದೆ. ನೀವೂ ಅಣ್ಣನೂ ಯಾರು ಹಾಕುವುದೆಂದು ಹಿಂದಿನ ದಿನವೇ ನಿರ್ಧರಿಸಿಕೊಳ್ಳಿ. ಒಬ್ಬರು ಹಾಕಿದ ಮೇಲೆ ಇನ್ನೊಬ್ಬರು ಅದನ್ನೇ ಮತ್ತೆ ಅಂಟಿಸುವುದು ಬೇಡ. ಹಾಕಿದ ನಂತರ ಅಕ್ಷರದೋಷ ಕಂಡರೆ 15 ನಿಮಿಷಗಳ ಒಳಗೆ ತಿದ್ದಬಹುದು, ಆದರೆ ತಿದ್ದಲಾಗಿದೆ ಎಂಬ ಗುರುತು ಅದರ ಮೇಲೆ ಉಳಿಯುತ್ತದೆ. ಹಿಂದಿನ ರಾತ್ರಿಯೇ ಅಣ್ಣನಿಗೆ ಕಳುಹಿಸಿ ಓದಿಸಿಬಿಟ್ಟರೆ ಆ ಪ್ರಮೇಯ ಬರುವುದಿಲ್ಲ.

ಸಂದೇಶ ಹಾಕಿದ ಮೇಲೆ ನೆಂಟರು ಬರೆಯುವ ಹಾರೈಕೆಗಳಿಗೆ ಮಕ್ಕಳು ‘ಥ್ಯಾಂಕ್ಯೂ’ ಎಂದು ಉತ್ತರಿಸುತ್ತಾ ಹೋಗಬೇಡಿ. ಅವು ಬಂದಿರುವುದು ಅಪ್ಪ-ಅಮ್ಮನಿಗೆ, ಉತ್ತರವೂ ಅವರದೇ ಆಗಿರಲಿ. ಎಲ್ಲರಿಗೂ ಬರೆಯುವುದು ಅವರಿಗೆ ಕಷ್ಟವಾದರೆ, ಸಂಜೆ ಪಕ್ಕದಲ್ಲಿ ಕೂತು ಇಬ್ಬರ ದನಿಯಲ್ಲೂ ಒಂದು ಧ್ವನಿಸಂದೇಶ ಹಾಕಿಸಿ. ಅಪ್ಪ ಮಾತಾಡಿ ಮುಗಿಸಿದ ಮೇಲೆ ಫೋನನ್ನು ಅಮ್ಮನ ಕೈಗೂ ಕೊಡಿ.